‘ಕ್ಲಿಷ್ಟ’ಕ್ಕೆ ಷ, ‘ಕ್ಲೇಶ’ಕ್ಕೆ ಶ: ಯಾಕೆ ಹೀಗೆ?

ಪ್ರಶ್ನೆ: ಬರೆಯುವಾಗ ಶ, ಷ, ಸ ಮೂರೂ ಕಲಸಿಹೋಗುತ್ತವೆ. ಸಂಸ್ಕೃತ ಪದಗಳು ಸಾಲಾಗಿ ಬಂದರಂತೂ ಯಾವುದು ಸರಿ ಎಂದೇ ತಿಳಿಯುವುದಿಲ್ಲ. ಪ್ರತಿ ಪದಕ್ಕೂ ನಿಘಂಟು ನೋಡದೆ ತಿದ್ದಿಕೊಳ್ಳುವ ದಾರಿ ಇದೆಯೇ?

ಬಹುಮಟ್ಟಿಗೆ ಇದೆ. ಕಿವಿಯನ್ನು ಮಾತ್ರ ನಂಬಬೇಡಿ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಶ ಮತ್ತು ಷ ಒಂದೇ ಆಗಿಬಿಟ್ಟಿವೆ. ಪದದ ರಚನೆಯನ್ನು ನೋಡಬೇಕು. ತಪ್ಪುಗಳನ್ನು ಬೇಕೆಂದೇ ತುಂಬಿದ ಈ ಸಾಲುಗಳನ್ನು ತಿದ್ದೋಣ:

“ಈ ಶಾಶನದ ಭಾಶೆ ಕ್ಲಿಶ್ಟವಾದರೂ ಉದ್ದೇಷ ಸ್ಪಶ್ಟ. ಸಂಷೋಧಕರು ವಿಷೇಶ ಪರಿಷ್ರಮದಿಂದ ಅದನ್ನು ಪರಿಶ್ಕರಿಸಿ, ನಷಿಸಿದ ಅಕ್ಷರಗಳನ್ನು ಊಹಿಸಿ, ನಿಷ್ಚಿತ ಪಾಠವನ್ನು ಕೊಟ್ಟು ಶಿಶ್ಯರ ಪ್ರಸಂಶೆಗೆ ಪಾತ್ರರಾದರು.”

ಮೊದಲು ಒತ್ತಕ್ಷರಗಳನ್ನು ನೋಡಿ. ಚ ಹೇಳಲು ನಾಲಿಗೆ ಅಂಗುಳಿಗೆ ಹೋಗುತ್ತದೆ, ಶ ಹುಟ್ಟುವುದೂ ಅಲ್ಲೇ. ಟ, ಠ, ಣಗಳಿಗೆ ನಾಲಿಗೆ ಮೇಲಕ್ಕೆ ಮಡಚುತ್ತದೆ, ಅದು ಷ ಹುಟ್ಟುವ ಜಾಗ. ತ, ಥಗಳಿಗೆ ಹಲ್ಲಿನ ಹಿಂಬದಿ, ಅಲ್ಲಿ ಸ. ಹೀಗಾಗಿ ಆಶ್ಚರ್ಯ, ಕಷ್ಟ, ನಿಷ್ಠೆ, ಪುಸ್ತಕ ಎಲ್ಲವೂ ತಂತಮ್ಮ ಜೊತೆಯ ಅಕ್ಷರವನ್ನೇ ಅನುಸರಿಸುತ್ತವೆ. ನಮ್ಮ ಸಾಲುಗಳಲ್ಲಿ ಕ್ಲಿಷ್ಟ, ಸ್ಪಷ್ಟ, ನಿಶ್ಚಿತ ಇಷ್ಟರಲ್ಲೇ ಸರಿಯಾದವು. ಆದರೆ ಈ ನಿಯಮವನ್ನು ‘ನ’, ‘ರ’, ‘ಯ’ ಒತ್ತುಗಳಿಗೆ ಎಳೆಯಬೇಡಿ; ಪ್ರಶ್ನೆಯಲ್ಲಿ ಶ ಇದೆ, ಸ್ನೇಹದಲ್ಲಿ ಸ ಇದೆ.

ನಿಜವಾದ ಬಲೆ ಇನ್ನು ಮುಂದಿದೆ. ‘ನಷ್ಟ’ ಸರಿ ಎಂದು ಗೊತ್ತಿರುವವರು ಅದೇ ಧೈರ್ಯದಲ್ಲಿ ‘ನಷಿಸಿದ’ ಎಂದು ಬರೆಯುತ್ತಾರೆ. ‘ಉದ್ದಿಷ್ಟ’ ನೋಡಿ ‘ಉದ್ದೇಷ’ ಎನ್ನುತ್ತಾರೆ. ಈ ಪದಗಳ ಧಾತುವಿನಲ್ಲಿರುವುದು ಶ. ಪ್ರತ್ಯಯ ಸೇರಿ ‘ಷ್ಟ’ ಆದಾಗ ಮಾತ್ರ ಅದು ಷ ಆಗುತ್ತದೆ, ಆ ಟ ಇಲ್ಲದ ರೂಪದಲ್ಲಿ ಮತ್ತೆ ಶ ಕಾಣುತ್ತದೆ: ನಷ್ಟ ಆದರೆ ನಾಶ, ದೃಷ್ಟಿ ಆದರೆ ದೃಶ್ಯ, ಕ್ಲಿಷ್ಟ ಆದರೆ ಕ್ಲೇಶ, ನಿರ್ದಿಷ್ಟ ಆದರೆ ನಿರ್ದೇಶ. ಎಲ್ಲ ‘ಷ್ಟ’ಗಳೂ ಹೀಗಲ್ಲ ಎಂಬುದೇ ತೊಡಕು. ದುಷ್ಟ–ದೋಷ, ಪುಷ್ಟಿ–ಪೋಷಣೆ, ತುಷ್ಟಿ–ಸಂತೋಷ, ವಿಶಿಷ್ಟ–ವಿಶೇಷ ಇವುಗಳ ಧಾತುವಿನಲ್ಲೇ ಷ ಇರುವುದರಿಂದ ಅದು ಎಲ್ಲಿಯೂ ಬದಲಾಗುವುದಿಲ್ಲ. ಆದ್ದರಿಂದ ‘ಷ್ಟ’ ರೂಪದ ಸಾಕ್ಷಿಯನ್ನು ಒಪ್ಪಬೇಡಿ. ಟ ಇಲ್ಲದ, ನಿಮಗೆ ಖಚಿತವಾಗಿ ಗೊತ್ತಿರುವ ಒಡಹುಟ್ಟಿದ ಪದವನ್ನು ಕೇಳಿ. ಉದ್ದೇಶಕ್ಕೆ ಆದೇಶ, ಉಪದೇಶ ಇವೆ. ನಶಿಸುವುದಕ್ಕೆ ನಾಶ, ವಿನಾಶ ಇವೆ.

ಸಂಷೋಧಕ, ವಿಷೇಶ, ಪರಿಷ್ರಮಗಳಿಗೆ ಉಪಸರ್ಗವನ್ನು ಬಿಡಿಸಿ ನೋಡುವುದು ಸುಲಭ. ಸಂಸ್ಕೃತದಲ್ಲಿ ಷಕಾರದಿಂದ ಮೊದಲಾಗುವ ಪದಗಳು ತೀರ ಕಡಿಮೆ, ಆರಕ್ಕೆ ಸಂಬಂಧಿಸಿದ ಷಟ್ಪದಿ, ಷಷ್ಠಿ, ಷೋಡಶದಂಥವೇ ಮುಖ್ಯ. ಷೋಧ, ಷೇಶ, ಷ್ರಮ ಎಂಬ ಪದಗಳಿಲ್ಲ. ಇರುವುದು ಶೋಧ, ಶೇಷ, ಶ್ರಮ. ಹಾಗಾಗಿ ಸಂಶೋಧಕ, ವಿಶೇಷ, ಪರಿಶ್ರಮ.

ಇನ್ನು ಸ ಎಂಬುದು ಷ ಆಗುವ ಸಂದರ್ಭ. ನಮಸ್ಕಾರ, ಪುರಸ್ಕಾರ, ತಿರಸ್ಕಾರಗಳಲ್ಲಿ ಸ ಇದೆ. ಆವಿಷ್ಕಾರ, ಬಹಿಷ್ಕಾರ, ಪರಿಷ್ಕಾರಗಳಲ್ಲಿ ಷ ಇದೆ. ಹಿಂದಿನ ಸ್ವರ ನೋಡಿ: ಮೊದಲ ಗುಂಪಿನಲ್ಲಿ ಅ, ಎರಡನೆಯದರಲ್ಲಿ ಇ. ಇ, ಉ, ಋಗಳ ನಂತರ ಬರುವ ಸ ಸಂಸ್ಕೃತದಲ್ಲಿ ಷ ಆಗುವ ಒಲವು ಬಲವಾಗಿದೆ. ವಿ ಸೇರಿದ ಸಮ ವಿಷಮವಾದದ್ದೂ ಹೀಗೆಯೇ. ಶಾಸನ ಮತ್ತು ಶಿಷ್ಯ ಒಂದೇ ಧಾತುವಿನಿಂದ ಬಂದವು. ‘ಶಾ’ ಇರುವಲ್ಲಿ ಸ ಉಳಿಯಿತು, ‘ಶಿ’ ಆದಲ್ಲಿ ಅದು ಷ ಆಯಿತು. ಇದನ್ನು ಕಟ್ಟುನಿಟ್ಟಿನ ಸೂತ್ರ ಎಂದುಕೊಳ್ಳಬೇಡಿ; ಪರಿಸರ, ಅನುಸಾರ, ವಿಸ್ತಾರಗಳಲ್ಲಿ ಸ ಹಾಗೆಯೇ ಇದೆ.

‘ಪ್ರಸಂಶೆ’ಯಲ್ಲಿ ಎರಡು ಅಕ್ಷರಗಳು ಜಾಗ ಅದಲುಬದಲು ಮಾಡಿಕೊಂಡಿವೆ. ಅದರ ಒಡಹುಟ್ಟಿದ್ದು ಪ್ರಶಸ್ತಿ: ಮೊದಲು ಶ, ಆಮೇಲೆ ಸ. ಅದೇ ಕ್ರಮದಲ್ಲಿ ಪ್ರಶಂಸೆ. ಉಳಿದ ‘ಭಾಷೆ’ಗೆ ಭಾಷಣ, ಭಾಷ್ಯ, ಸಂಭಾಷಣೆ ಎಲ್ಲವೂ ಷಕಾರದವೇ. ಇದು ನೆನಪಿಟ್ಟುಕೊಳ್ಳಬೇಕಾದ ಪದ, ನಿಯಮದಿಂದ ಸಿಗುವುದಲ್ಲ.

ತಿದ್ದಿದ ಮೇಲೆ:

“ಈ ಶಾಸನದ ಭಾಷೆ ಕ್ಲಿಷ್ಟವಾದರೂ ಉದ್ದೇಶ ಸ್ಪಷ್ಟ. ಸಂಶೋಧಕರು ವಿಶೇಷ ಪರಿಶ್ರಮದಿಂದ ಅದನ್ನು ಪರಿಷ್ಕರಿಸಿ, ನಶಿಸಿದ ಅಕ್ಷರಗಳನ್ನು ಊಹಿಸಿ, ನಿಶ್ಚಿತ ಪಾಠವನ್ನು ಕೊಟ್ಟು ಶಿಷ್ಯರ ಪ್ರಶಂಸೆಗೆ ಪಾತ್ರರಾದರು.”

ಶುಭಾಶಯವನ್ನು ‘ಶುಭಾಷಯ’ ಎಂದು ಬರೆಯುವವರು ಬಹಳ. ಅದೂ ಬಿಡಿಸಿದರೆ ತಿಳಿಯುತ್ತದೆ: ಶುಭ ಮತ್ತು ಆಶಯ. ನಿಘಂಟನ್ನು ತೆರೆಯಲೇಬೇಕಾದದ್ದು ಎರಡೂ ರೂಪಗಳು ಬೇರೆ ಬೇರೆ ಅರ್ಥದಲ್ಲಿ ಸರಿಯಾಗಿರುವಾಗ. ಶಂಕರ ಶಿವ, ಸಂಕರ ಬೆರಕೆ. ಸಕಲ ಎಂದರೆ ಎಲ್ಲ, ಶಕಲ ಎಂದರೆ ಚೂರು. ಅಂಶ ಪಾಲು, ಅಂಸ ಹೆಗಲು. ಇಲ್ಲಿ ರಚನೆ ನೋಡಿ ತಪ್ಪು ಹಿಡಿಯಲಾಗದು, ವಾಕ್ಯದ ಅರ್ಥವನ್ನೇ ನೋಡಬೇಕು. ಕೋಶ–ಕೋಷದಂತೆ ಎರಡು ಬರಹಗಳೂ ಬಳಕೆಯಲ್ಲಿರುವ ಪದಗಳೂ ಇವೆ. ಅಂಥಲ್ಲಿ ಒಂದನ್ನು ಆರಿಸಿಕೊಂಡು ಇಡೀ ಬರಹದಲ್ಲಿ ಅದನ್ನೇ ಬಳಸಿ.