ಸಿರೋಸಿಸ್‌ನಲ್ಲಿ ಬರುವ ಮಂಪರು: ಸಿರಪ್, ಊಟ ಮತ್ತು ದಿನಾ ಬರೆಯಬೇಕಾದ ಒಂದು ಸಾಲು

ಲಿವರ್ ಸಿರೋಸಿಸ್, ಅಂದರೆ ಗಾಯದ ಕಲೆಯಿಂದ ಲಿವರ್ ಗಟ್ಟಿಯಾಗುವ ಕಾಯಿಲೆ, ಇರುವವರು ರಾತ್ರಿಯೆಲ್ಲಾ ಎದ್ದು ಕೂತು, ಹಗಲು ತೂಕಡಿಸೋಕೆ ಶುರು ಮಾಡಿದರೆ ಮನೆಯವರು ಅದನ್ನು ಸುಮ್ನೆ ನಿದ್ದೆ ತೊಂದರೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಹೆಪಾಟಿಕ್ ಎನ್ಸೆಫಲೋಪತಿಯ ಮೊದಲ ಗುರುತು. ಅಂದರೆ ಲಿವರ್ ತೆಗೆದುಹಾಕಬೇಕಿದ್ದ ಅಮೋನಿಯಾ ಮಿದುಳಿಗೆ ತಲುಪಿ, ತಲೆ ಮಂಕಾಗುವ ಸ್ಥಿತಿ.

ಒಬ್ಬರ ವಿಷಯ ಹೇಳುತ್ತೇನೆ. 58 ವರ್ಷ, ದಿನಸಿ ಅಂಗಡಿ. ಕುಡಿತ ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್‌ನಿಂದ ಸಿರೋಸಿಸ್ ಆಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿದ್ದಕ್ಕೆ ಮೂತ್ರ ಹೋಗುವ ಮಾತ್ರೆ ನಡೀತಿತ್ತು. ಕೆಲವು ತಿಂಗಳ ಹಿಂದೆ ಒಮ್ಮೆ ಮಂಪರು ಬಂದು ಅಡ್ಮಿಟ್ ಆಗಿದ್ದರು, ಮಲ ಮೆತ್ತಗೆ ಹೋಗಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ಕಳಿಸಿದ್ದೆವು. ಆಮೇಲೆ ನೆಂಟರ ಮದುವೆ ಬಂತು. ದಾರಿಯಲ್ಲಿ ಟಾಯ್ಲೆಟ್‌ಗೆ ಕಷ್ಟ ಅಂತ ಸಿರಪ್ ನಿಲ್ಲಿಸಿದರು. ಮೂರು ದಿನ ಮಲವೇ ಹೋಗಲಿಲ್ಲ, ನಿದ್ದೆ ಕೆಟ್ಟಿತು, ಯಾರೋ ಮೆಡಿಕಲ್ ಶಾಪ್‌ನಿಂದ ನಿದ್ದೆ ಮಾತ್ರೆ ತಂದುಕೊಟ್ಟರು.

ಅವರ ಹೆಂಡತಿ ಬರುವಾಗ ಅಂಗಡಿಯ ಸಾಲದ ಪುಸ್ತಕವನ್ನೂ ತಂದಿದ್ದರು. ನನಗೆ ರಿಪೋರ್ಟ್‌ಗಳಿಗಿಂತ ಅದೇ ಜಾಸ್ತಿ ಹೇಳಿತು. ಮದುವೆಗೆ ಮುಂಚಿನ ಪುಟಗಳಲ್ಲಿ ಅಕ್ಷರ ಅಚ್ಚುಕಟ್ಟಾಗಿತ್ತು. ಬಂದ ಮೇಲಿನ ಪುಟಗಳಲ್ಲಿ ಒತ್ತಕ್ಷರಗಳು ಬಿಟ್ಟುಹೋಗಿದ್ದವು, ಸಾಲು ಕೆಳಗೆ ಜಾರಿತ್ತು, ಒಂದೇ ಗಿರಾಕಿಯ ಸಾಲ ಎರಡು ಸಲ ಬರೆದಿತ್ತು. "ಇವತ್ತು ಯಾವ ವಾರ?" ಅಂತ ಕೇಳಿದೆ. "ಅದೆಲ್ಲಾ ಮಗನಿಗೆ ಗೊತ್ತು ಸಾರ್" ಅಂತ ನಕ್ಕರು. ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸುವ ಹಾಗೆ ಎರಡೂ ಕೈ ಚಾಚಿ ಅಂಗೈ ಎತ್ತಿಸಿದಾಗ ಮಣಿಕಟ್ಟು ಆಗಾಗ ಕುಸಿದು ಮತ್ತೆ ಮೇಲೇಳುತ್ತಿತ್ತು. ದಿನ, ವಾರ ಗೊತ್ತಾಗದೇ ಇರುವುದು, ಜೊತೆಗೆ ಈ ಕೈ ಕುಸಿತ ಇದ್ದರೆ ಈ ಮಂಪರಿನ ತೀವ್ರತೆ ಹೇಳುವ ವೆಸ್ಟ್ ಹೇವನ್ ಅಳತೆಯಲ್ಲಿ ಎರಡನೇ ಹಂತ. ಮೂರನೆಯದರಲ್ಲಿ ಕೂಗಿ ಎಬ್ಬಿಸಬೇಕಾಗುತ್ತದೆ, ನಾಲ್ಕನೆಯದು ಕೋಮಾ.

ಇಲ್ಲಿ ಮಂಪರು ಬಿಡಿಸುವುದು ಅರ್ಧ ಕೆಲಸ, ಅದು ಯಾಕೆ ಬಂತು ಅಂತ ಹುಡುಕುವುದು ಇನ್ನರ್ಧ. ಮಲಬದ್ಧತೆ, ಸೋಂಕು, ಕರುಳಲ್ಲಿ ರಕ್ತಸ್ರಾವ, ಮೈಯಲ್ಲಿ ನೀರು ಕಡಿಮೆಯಾಗುವುದು, ನಿದ್ದೆ ಮಾತ್ರೆ ಇವೇ ಸಾಮಾನ್ಯ ಕಾರಣಗಳು. ಇವರಿಗೆ ಮೊದಲು ಶುಗರ್ ನೋಡಿದೆವು, ಸರಿ ಇತ್ತು. ಹೊಟ್ಟೆಯ ನೀರು ಸ್ವಲ್ಪ ತೆಗೆದು ಪರೀಕ್ಷೆ ಮಾಡಿಸಿದೆವು, ಸೋಂಕು ಇರಲಿಲ್ಲ. ಬಿದ್ದಿರಲಿಲ್ಲ, ಒಂದು ಕಡೆ ಶಕ್ತಿ ಕಡಿಮೆ ಆಗಿರಲಿಲ್ಲ, ಹಾಗಾಗಿ ತಲೆಯ ಸಿಟಿ ಸ್ಕ್ಯಾನ್ ತಕ್ಷಣಕ್ಕೆ ಬೇಕಾಗಲಿಲ್ಲ. ಆದರೆ ಪೊಟ್ಯಾಸಿಯಂ 2.9 ಇತ್ತು, ಮೂತ್ರದ ಮಾತ್ರೆಯಿಂದ ಇಳಿದದ್ದು. ಪೊಟ್ಯಾಸಿಯಂ ಇಳಿದರೆ ಕಿಡ್ನಿಯೇ ಅಮೋನಿಯಾ ಜಾಸ್ತಿ ತಯಾರಿಸುತ್ತದೆ.

ಮೂತ್ರದ ಮಾತ್ರೆ, ನಿದ್ದೆ ಮಾತ್ರೆ ಎರಡನ್ನೂ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟು, ಲ್ಯಾಕ್ಟುಲೋಸ್ 30 ಎಂಎಲ್ ಎರಡು ಗಂಟೆಗೊಮ್ಮೆ ಶುರು ಮಾಡಿದೆವು, ಮಲ ಹೋಗುವ ತನಕ. ಮಾರನೇ ದಿನ ಸಂಜೆಗೆ ಮಗನ ಹತ್ತಿರ ಅಂಗಡಿ ವ್ಯಾಪಾರದ ಲೆಕ್ಕ ಕೇಳುತ್ತಿದ್ದರು. ಸಿರಪ್ ಶುರು ಮಾಡುವ ಮುಂಚೆ ಒಮ್ಮೆ, ಬಿಟ್ಟಾಗ ಒಮ್ಮೆ ಅಂತ ಎರಡು ಸಲ ಮಂಪರು ಬಂದಿತ್ತು. ಅದಕ್ಕೇ ರಿಫಾಕ್ಸಿಮಿನ್ 550 ಮಿಲಿಗ್ರಾಂ ದಿನಕ್ಕೆ ಎರಡು ಸಲ ಸೇರಿಸಿದೆವು. ಕರುಳಿನೊಳಗೇ ಕೆಲಸ ಮಾಡುವ ಆಂಟಿಬಯೋಟಿಕ್ ಅದು. ಸಿರಪ್ ಜೊತೆಗೆ ಕೊಡುವುದು, ಸಿರಪ್ ಬದಲಿಗೆ ಅಲ್ಲ.

ಲ್ಯಾಕ್ಟುಲೋಸ್ ಬರೀ ಬೇಧಿ ಔಷಧಿ ಅಂತ ಜನ ತಿಳಿದಿದ್ದಾರೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಅಮೋನಿಯಾ ರೂಪ ಬದಲಿಸಿ, ರಕ್ತಕ್ಕೆ ಸೇರಲಾರದೆ ಮಲದಲ್ಲೇ ಹೊರಗೆ ಹೋಗುತ್ತದೆ. ಇದರ ಡೋಸನ್ನು ಬಾಟಲಿ ನೋಡಿ ಅಲ್ಲ, ಮಲ ನೋಡಿ ಹೊಂದಿಸಬೇಕು. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಹೋಗಬೇಕು. ಅದಕ್ಕಿಂತ ಕಡಿಮೆ ಹೋದ ದಿನ ಒಂದು ಡೋಸ್ ಜಾಸ್ತಿ. ನಾಲ್ಕು ದಾಟಿ ನೀರಾಗಿ ಹೋದರೆ ಮುಂದಿನ ಡೋಸ್ ಅರ್ಧ ಮಾಡಿ, ನಮಗೆ ಫೋನ್ ಮಾಡಿ. ಪೂರ್ತಿ ನಿಲ್ಲಿಸಬೇಡಿ, ಹಾಗಂತ ಬೇಧಿಯಾದಷ್ಟೂ ಒಳ್ಳೇದು ಅಂತ ಸುರಿಯಲೂ ಬೇಡಿ, ಯಾಕೆಂದರೆ ಮೈ ನೀರು ಒಣಗಿದರೆ ಅದರಿಂದಲೇ ಮತ್ತೆ ಮಂಪರು ಬರುತ್ತದೆ.

ಇನ್ನು ಊಟ. ಹೆಂಡತಿ ಹೆಮ್ಮೆಯಿಂದಲೇ ಹೇಳಿದರು, "ಬೇಳೆ, ಮೊಸರು ಎಲ್ಲಾ ನಿಲ್ಲಿಸಿದ್ದೀನಿ ಸಾರ್, ಬರೀ ಗಂಜಿ." ನಮ್ಮ ಕಡೆ ಕಾಮಾಲೆ ಅಂದ ತಕ್ಷಣ ಇದೇ ಪಥ್ಯ, ಅಲ್ವಾ? ಹಿಂದೆ ಡಾಕ್ಟರುಗಳೂ ಪ್ರೋಟೀನ್ ಕಡಿಮೆ ಮಾಡಿ ಅಂತಲೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಲಿವರ್ ಸೋತಾಗ ಅಮೋನಿಯಾವನ್ನು ಒಂದಿಷ್ಟು ಹೀರಿ ವಿಲೇವಾರಿ ಮಾಡುವುದು ಮಾಂಸಖಂಡ. ಗಂಜಿಯಲ್ಲೇ ಇಟ್ಟರೆ ತೋಳು, ತೊಡೆ ಕರಗುತ್ತವೆ, ಆ ದಾರಿಯೂ ಮುಚ್ಚುತ್ತದೆ.

ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆಯ ನೀರಿನ ತೂಕ ಬಿಟ್ಟು. ಇವರದು 60 ಕಿಲೋ ಅಂತ ಹಿಡಿದರೆ 75 ಗ್ರಾಂ ಸುತ್ತಮುತ್ತ. ಹಾಲು, ಮೊಸರು ಸೇರಿ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಆದರೆ 20 ಗ್ರಾಂ ಬಂತು. ಹೆಸರುಬೇಳೆ, ತೊಗರಿಬೇಳೆ ಹಸಿ ತೂಕದಲ್ಲಿ 75 ಗ್ರಾಂ ಹಾಕಿದರೆ 17. ಒಣ ಸೋಯಾ ಚಂಕ್ಸ್ ಒಂದು ಹಿಡಿ, 30 ಗ್ರಾಂ ಆದರೆ 15. ಉಳಿದದ್ದು ರಾಗಿ, ಅಕ್ಕಿ, ಗೋಧಿ, ಒಂದಿಷ್ಟು ಕಡಲೆಕಾಯಿಯಲ್ಲಿ ಬರುತ್ತದೆ. ಹಾಲು, ಬೇಳೆಯ ಪ್ರೋಟೀನ್ ಮಾಂಸದ್ದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಮೊಟ್ಟೆ ತಿನ್ನುವವರು ತಿನ್ನಬಹುದು. ಉಪ್ಪಿನಕಾಯಿ, ಹಪ್ಪಳ ಮಾತ್ರ ಬೇಡ, ಅದು ಹೊಟ್ಟೆಯ ನೀರಿನ ಕಾರಣಕ್ಕೆ.

ಎಲ್ಲಕ್ಕಿಂತ ಸುಲಭದ್ದು, ಎಲ್ಲರೂ ಮರೆಯುವುದು, ಮಲಗುವ ಮುಂಚಿನ ತಿಂಡಿ. ಸಿರೋಸಿಸ್ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ಸಂಜೆ ಏಳಕ್ಕೆ ಉಂಡು ಬೆಳಗ್ಗೆ ಎಂಟರ ತನಕ ಖಾಲಿ ಹೊಟ್ಟೆ ಇದ್ದರೆ ದೇಹ ಸ್ನಾಯುವನ್ನೇ ಒಡೆದು ಉರಿಸುತ್ತದೆ. ರಾತ್ರಿ ಹತ್ತಕ್ಕೆ ಎರಡು ಚಪಾತಿ, ಒಂದು ಲೋಟ ಹಾಲು ಸಾಕು. ಸಕ್ಕರೆ ಕಾಯಿಲೆ ಇದೆಯಲ್ಲ ಅಂತ ಭಯಪಟ್ಟು ಬಿಡಬೇಡಿ, ಇನ್ಸುಲಿನ್ ಅದಕ್ಕೆ ಹೊಂದಿಸೋಣ.

"ಪ್ರತಿ ತಿಂಗಳು ಅಮೋನಿಯಾ ಟೆಸ್ಟ್ ಮಾಡಿಸೋಣ್ವಾ?" ಅಂತ ಮಗ ಕೇಳಿದ. ಬೇಡ. ಸ್ಯಾಂಪಲ್ ಐಸ್‌ನಲ್ಲಿಟ್ಟು ಬೇಗ ಪರೀಕ್ಷಿಸದಿದ್ದರೆ ಸಂಖ್ಯೆ ಸುಳ್ಳಾಗಿ ಏರುತ್ತದೆ, ಆ ಸಂಖ್ಯೆಗೂ ರೋಗಿಯ ಸ್ಥಿತಿಗೂ ಅಷ್ಟಾಗಿ ತಾಳೆಯೂ ಆಗುವುದಿಲ್ಲ. ಮಂಪರಿನಲ್ಲೂ ಅಮೋನಿಯಾ ನಾರ್ಮಲ್ ಬಂದರೆ ಬೇರೆ ಕಾರಣ ಹುಡುಕಬೇಕು, ಅಷ್ಟಕ್ಕೆ ಅದು ಉಪಯೋಗ.

ಅದರ ಬದಲು ಒಂದು ನೋಟ್‌ಬುಕ್ ಕೊಡಿಸಿದೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತಾರೀಕು, ಹೆಸರು, ಒಂದು ಸಾಲು ಅವರೇ ಬರೆಯಬೇಕು. ಪಕ್ಕದಲ್ಲಿ ಹೆಂಡತಿ ಹಿಂದಿನ ದಿನ ಎಷ್ಟು ಸಲ ಮಲ ಹೋಯಿತು, ರಾತ್ರಿ ನಿದ್ದೆ ಹೇಗಿತ್ತು ಅಂತ ಬರೆಯುತ್ತಾರೆ. ವಾರಕ್ಕೊಮ್ಮೆ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಅಂತ ಮಗ ಎಣಿಸುತ್ತಾನೆ. ಹತ್ತಕ್ಕಿಂತ ಕಡಿಮೆ ಆದರೆ, ಅಥವಾ ಯಾವಾಗಲೂ ಹೇಳುತ್ತಿದ್ದ ಸಂಖ್ಯೆ ದಿಢೀರ್ ಇಳಿದರೆ ಫೋನ್ ಮಾಡಬೇಕು.

ಜ್ವರ, ಕಪ್ಪು ಮಲ, ರಕ್ತ ವಾಂತಿ, ಬಿದ್ದು ತಲೆಗೆ ಪೆಟ್ಟು, ಎಬ್ಬಿಸಿದರೂ ಸರಿಯಾಗಿ ಏಳದೇ ಇರುವುದು, ಇವಕ್ಕೆ ಫೋನ್ ಬೇಡ, ನೇರ ಆಸ್ಪತ್ರೆ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಸಿರಪ್ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಟ್ಯೂಬಿನಲ್ಲೋ ಎನಿಮಾದಲ್ಲೋ ಕೊಡುತ್ತೇವೆ.

ಇವರಿಗೆ ಸ್ಕೂಟರ್ ಬಿಡಿಸಿದ್ದೇನೆ, ಅದಕ್ಕೆ ಸಿಟ್ಟಿದೆ. ಮಾತು ಸರಿ ಇದ್ದಾಗಲೂ ಇಂಥವರಿಗೆ ಗಮನ, ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ಜೊತೆಗೆ ಲಿವರ್ ಟ್ರಾನ್ಸ್‌ಪ್ಲಾಂಟ್ ತಂಡಕ್ಕೆ ಚೀಟಿ ಬರೆದುಕೊಟ್ಟಿದ್ದೇನೆ. ಎರಡು ಸಲ ಮಂಪರು ಬಂದ ಮೇಲೆ ಆ ಮಾತು ಮುಂದೂಡಬಾರದು.