‘ಕಮ್ಯುನಿಕೇಶನ್ ವೀಕ್’ ಅಂತ ಬರೆಯುವ ಮುನ್ನ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೇನೆ. ಈಗೀಗ ಇಂಟರ್‌ವ್ಯೂ ಪ್ಯಾನೆಲ್‌ನಲ್ಲೂ ಕೂರಿಸುತ್ತಿದ್ದಾರೆ. ಅಭ್ಯರ್ಥಿಯ ಇಂಗ್ಲಿಷ್ ಧಾಟಿ, ಕಾಲೇಜಿನ ಹೆಸರು, ಡ್ರೆಸ್ಸು ನೋಡಿ ನನಗೇ ಗೊತ್ತಿಲ್ಲದೆ ತೀರ್ಮಾನ ಮಾಡಿಬಿಡುತ್ತಿದ್ದೇನಾ ಅನ್ನೋ ಅನುಮಾನ. ಕಂಡುಹಿಡಿಯೋದು ಹೇಗೆ?

ಉತ್ತರ: ನೀವು ಈವರೆಗೆ ಬರೆದಿರುವ ಫೀಡ್‌ಬ್ಯಾಕ್ ಶೀಟುಗಳನ್ನು ತೆಗೆದು ‘ಕಮ್ಯುನಿಕೇಶನ್’ ಕಾಲಂ ಮಾತ್ರ ಓದಿ. ‘ಧಾಟಿ ಇಷ್ಟವಾಗಲಿಲ್ಲ’, ‘ಕಾಲೇಜಿನ ಹೆಸರೇ ಕೇಳಿಲ್ಲ’ ಅಂತ ಯಾರೂ ಬರೆಯೋದಿಲ್ಲ. ಅವೆಲ್ಲ ‘ಕಮ್ಯುನಿಕೇಶನ್ ವೀಕ್’, ‘ಕಾನ್ಫಿಡೆನ್ಸ್ ಕಮ್ಮಿ’, ‘ಟೀಮಿಗೆ ಹೊಂದಲ್ಲ’ ಅನ್ನೋ ಮಾತುಗಳಾಗಿ ಈ ಕಾಲಂಗೆ ಬಂದು ಕೂರುತ್ತವೆ. ಹಾಗೆ ಬರೆದ ಕಡೆ, ಅಭ್ಯರ್ಥಿ ಏನು ಹೇಳಿದ ಅನ್ನೋದು ಒಂದು ಸಾಲಾದರೂ ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ.

ಒಂದು ಉದಾಹರಣೆ ತಗೊಳ್ಳೋಣ. ಟೆಸ್ಟಿಂಗ್ ಕೆಲಸಕ್ಕೆ ಇಬ್ಬರು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಪ್ರಶ್ನೆ ಒಂದೇ: ‘ನೆಟ್‌ವರ್ಕ್ ನಿಧಾನ ಇದೆ, ಗ್ರಾಹಕ ಒಟಿಪಿ ಬಟನ್ ಎರಡು ಸಲ ಒತ್ತಿದ. ಏನೇನು ಟೆಸ್ಟ್ ಮಾಡ್ತೀರಿ?’ ಬೆಂಗಳೂರಿನ ಹೆಸರಾಂತ ಕಾಲೇಜಿನ ಹುಡುಗ ನಿರರ್ಗಳವಾಗಿ ಎರಡು ನಿಮಿಷ ಮಾತಾಡಿ, ಸರಿ ಒಟಿಪಿ ಮತ್ತು ತಪ್ಪು ಒಟಿಪಿ ಅಂತ ಎರಡೇ ಕೇಸ್ ಹೇಳಿದ. ರಾಯಚೂರಿನ ಹುಡುಗಿ ‘ಫೇಲ್’ ಅನ್ನೋದನ್ನ ‘ಪೇಲ್’ ಅಂದಳು, ನಡುವೆ ತಡವರಿಸಿದಳು. ಆದರೆ ಎರಡು ಒಟಿಪಿ ಬಂದರೆ ಹಳೆಯದು ನಡೆಯಬೇಕಾ, ಅವಧಿ ಮುಗಿದ ಮೇಲೆ ಹಾಕಿದರೆ ಏನಾಗುತ್ತೆ, ಎಷ್ಟು ಸಲ ಒತ್ತಿದ ಮೇಲೆ ತಡೆಯಬೇಕು ಅಂತೆಲ್ಲ ಹೇಳಿದಳು. ಸಂಜೆ ನೆನಪಿನಿಂದ ಅಂಕ ಹಾಕಲು ಕೂತರೆ ಹುಡುಗನೇ ಚೆನ್ನಾಗಿ ಮಾಡಿದ ಅನ್ನಿಸುತ್ತದೆ, ಅಲ್ವಾ? ಧಾಟಿ ನೆನಪಿರುತ್ತೆ, ಕೇಸುಗಳು ಮರೆತಿರುತ್ತವೆ.

ಇದು ಬರೀ ಊಹೆ ಅಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಶಿರಿ ಲೆವ್-ಅರಿ ಮತ್ತು ಬೋವಜ್ ಕೈಸರ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಅನ್ನೋ ಥರದ ಸಣ್ಣ ವಾಕ್ಯಗಳನ್ನು ಬೇರೆ ಬೇರೆ ಧಾಟಿಯವರಿಂದ ಓದಿಸಿದರು. ವಾಕ್ಯ ಅವರದ್ದಲ್ಲ, ಕೊಟ್ಟದ್ದನ್ನು ಓದುತ್ತಿದ್ದಾರೆ ಅಂತ ಕೇಳುಗರಿಗೆ ಗೊತ್ತಿತ್ತು. ಆದರೂ ಪರಭಾಷೆಯ ಧಾಟಿಯಲ್ಲಿ ಕೇಳಿದ್ದನ್ನು ಕಡಿಮೆ ನಂಬಿದರು. ಕಿವಿಗೆ ಅರ್ಥ ಮಾಡಿಕೊಳ್ಳಲು ತುಸು ಕಷ್ಟವಾದರೆ, ಆ ಕಷ್ಟವನ್ನು ಮನಸ್ಸು ಮಾತಿನ ಮೇಲಿನ ಅನುಮಾನ ಅಂತ ತಿಳಿಯುತ್ತದೆ ಅನ್ನೋದು ಅವರ ವಿವರಣೆ. ಈ ವಿಷಯ ಮೊದಲೇ ತಿಳಿಸಿದಾಗ, ಸಣ್ಣ ಧಾಟಿ ಇದ್ದವರ ಮಟ್ಟಿಗೆ ಕೇಳುಗರು ತಿದ್ದಿಕೊಂಡರು. ಧಾಟಿ ಜಾಸ್ತಿ ಇದ್ದಲ್ಲಿ ಆಗಲಿಲ್ಲ. ಹಾಗಾಗಿ ‘ನಾನು ಎಚ್ಚರವಾಗಿರ್ತೀನಿ’ ಅಂದುಕೊಂಡರೆ ಸಾಲದು.

ಅಂಕ ಹಾಕುವ ರೀತಿಯನ್ನೇ ಬದಲಿಸಿ. ಇಂಟರ್‌ವ್ಯೂಗೆ ಮುಂಚೆ ನಾಲ್ಕೈದು ಪ್ರಶ್ನೆ ಗೊತ್ತುಮಾಡಿ, ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಿ. ಪ್ರತಿಯೊಂದಕ್ಕೂ ಯಾವ ಉತ್ತರಕ್ಕೆ ಎಷ್ಟು ಅಂತ ಬರೆದಿಡಿ. ಒಟಿಪಿ ಪ್ರಶ್ನೆಗೆ ಸರಿ-ತಪ್ಪು ಎರಡೇ ಹೇಳಿದರೆ 1, ಅವಧಿ ಮುಗಿದದ್ದನ್ನೂ ಸೇರಿಸಿದರೆ 3, ಎರಡು ಒಟಿಪಿ ಮತ್ತು ಮಿತಿಯನ್ನೂ ಹಿಡಿದರೆ 5. ಉತ್ತರ ಮುಗಿದ ತಕ್ಷಣ, ಮುಂದಿನ ಪ್ರಶ್ನೆಗೆ ಮುಂಚೆ ಅಂಕ ಹಾಕಿ. ಪಕ್ಕದ ಪ್ಯಾನೆಲಿಸ್ಟ್ ಅಂಕ ಹಾಕೋವರೆಗೂ ನಿಮ್ಮದು ತೋರಿಸಬೇಡಿ. ಸೀನಿಯರ್ ಒಬ್ಬರು ‘ಯಾಕೋ ಸರಿ ಕಾಣ್ಲಿಲ್ಲ’ ಅಂದರೆ ಉಳಿದವರ ಪೆನ್ನೂ ಅತ್ತಲೇ ವಾಲುತ್ತದೆ.

ಕಾಲೇಜಿನ ಹೆಸರು, ಫೋಟೊ, ಊರು ಇವನ್ನು ಶಾರ್ಟ್‌ಲಿಸ್ಟ್ ಹಂತದಲ್ಲಿ ಎಚ್‌ಆರ್ ಮುಚ್ಚಿ ಕಳಿಸಬಹುದು. ಇದರ ಉಪಯೋಗ ಅಲ್ಲಿಗೇ ಮುಗಿಯುತ್ತದೆ. ಎದುರು ಕೂತ ಮೇಲೆ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ ಕೂಡಲೇ ಕಾಲೇಜು ಹೊರಬರುತ್ತದೆ. ಆ ಪ್ರಶ್ನೆಯನ್ನು ಕೊನೆಗೆ ಹಾಕಿ, ಅಷ್ಟರಲ್ಲಿ ಅಂಕ ಬಿದ್ದಿರುತ್ತದೆ. ಡ್ರೆಸ್ಸಿನ ವಿಷಯ ಕೆಲಸಕ್ಕೆ ಬೇಕಿಲ್ಲದಿದ್ದರೆ ಶೀಟಿನಲ್ಲಿ ಅದಕ್ಕೆ ಕಾಲಮ್ಮೇ ಬೇಡ. ‘ಪ್ರೆಸೆಂಟಬಲ್’ ಅನ್ನೋ ಕಾಲಂ ಇದ್ದರೆ ತೆಗೆಸಿಬಿಡಿ.

ಮಾತೇ ಕೆಲಸವಾದರೆ? ವಿದೇಶದ ಗ್ರಾಹಕರ ಕರೆ ತೆಗೆದುಕೊಳ್ಳುವ ಹುದ್ದೆಯಲ್ಲಿ ಸ್ಪಷ್ಟವಾಗಿ ಕೇಳಿಸೋದು ಮುಖ್ಯ, ನಿಜ. ಆಗಲೂ ‘ಚೆನ್ನಾಗಿ ಮಾತಾಡ್ತಾನಾ’ ಅಂತ ಅಂದಾಜು ಮಾಡಬೇಡಿ. ಒಂದು ಆರ್ಡರ್ ನಂಬರ್, ಒಂದು ವಿಳಾಸ, ಒಂದು ದೂರು ಫೋನಿನಲ್ಲಿ ಹೇಳಿಸಿ. ಅಭ್ಯರ್ಥಿಯನ್ನು ನೋಡಿರದ ಸಹೋದ್ಯೋಗಿ ಅದನ್ನು ಬರೆದುಕೊಳ್ಳಲಿ. ಅಂಕಿ ಸರಿಯಾಗಿ ಬಂತೇ, ದೂರು ಅರ್ಥವಾಯಿತೇ ಅಂತ ನೋಡಿ. ಎರಡೂ ಸರಿ ಇದ್ದರೆ ‘ಪೇಲ್’ ಅಂದದ್ದಕ್ಕೆ ಅಂಕ ಕಳೆಯೋ ಹಾಗಿಲ್ಲ.

ಹೀಗೆ ಕೆಲವು ಸುತ್ತು ನಡೆದ ಮೇಲೆ, ತಿರಸ್ಕೃತರಾದವರ ಶೀಟುಗಳನ್ನು ಬೇರೆ ಮಾಡಿ. ತಾಂತ್ರಿಕ ಪ್ರಶ್ನೆಗಳಲ್ಲಿ ಆಯ್ಕೆಯಾದವರಷ್ಟೇ ಅಂಕ ಬಂದು, ಬರೀ ಕಮ್ಯುನಿಕೇಶನ್ ಅಂಕದಿಂದ ಹೊರಹೋದವರು ಯಾರು, ಅವರ ಕಾಲೇಜು ಯಾವುದು, ಊರು ಯಾವುದು ಅಂತ ಎಚ್‌ಆರ್ ಜೊತೆ ಕೂತು ನೋಡಿ. ಒಂದೇ ಕಡೆಯವರು ಮತ್ತೆ ಮತ್ತೆ ಕಂಡರೆ, ಆ ಅಂಕ ಹಾಕಿದವರಿಗೆ ಆಯಾ ಶೀಟ್ ತೋರಿಸಿ, ಯಾವ ಉತ್ತರಕ್ಕೆ ಹಾಕಿದಿರಿ ಅಂತ ಕೇಳಿ.