ಇಬ್ಬರ ಪಾಲುದಾರಿಕೆ ಪತ್ರ: ಬಿಟ್ಟುಹೋಗುವ ದಿನದ ಲೆಕ್ಕದಿಂದ ಶುರು ಮಾಡಿ

ಪಾಲುದಾರಿಕೆ ಪತ್ರದ ಮಾದರಿಗಳಲ್ಲಿ ಬಂಡವಾಳ ಮೊದಲು ಬರುತ್ತದೆ, ಹೊರಹೋಗುವ ಮಾತು ಕೊನೆಯ ಪುಟದಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ಕಲಿಯುವವರು ಇದನ್ನು ತಿರುಗಿಸಿ ಓದಬೇಕು ಎಂಬುದು ನನ್ನ ಅಭಿಪ್ರಾಯ. ಒಬ್ಬ ಬಿಡುವ ದಿನ ಅವನಿಗೆ ಎಷ್ಟು, ಯಾವಾಗ, ಯಾವುದರಿಂದ ಕೊಡಬೇಕು ಎಂದು ಮೊದಲು ಕೇಳಿಕೊಂಡರೆ, ಬಂಡವಾಳ ಮತ್ತು ಲಾಭದ ಕಲಮುಗಳಲ್ಲಿ ಏನೇನು ಬರೆದಿರಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿಯ ಒಬ್ಬ, ಕುಮಟಾದ ಒಬ್ಬ, ಹಳೆಯ ಗೆಳೆಯರು, ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರಕ್ಕೆ ಇಳಿಯುತ್ತಾರೆ. ಶಿರಸಿಯವನು ಮಿಡಿ ಖರೀದಿಸಿ, ಉಪ್ಪಿಗೆ ಹಾಕಿ, ಮಸಾಲೆ ಅರೆಸಿ, ಬಾಟಲಿ ತುಂಬಿಸುತ್ತಾನೆ. ಕುಮಟಾದವನು ಹೆಚ್ಚಿನ ಹಣ ಹಾಕುತ್ತಾನೆ, ಘಟ್ಟದ ಕೆಳಗಿನ ಅಂಗಡಿಗಳಿಗೆ ಮಾಲು ಕೊಟ್ಟು ಬಾಕಿ ವಸೂಲಿ ಮಾಡುತ್ತಾನೆ. ಈ ವ್ಯಾಪಾರದ ಸ್ವಭಾವ ಗಮನಿಸಿ: ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ, ಮಾರಾಟ ವರ್ಷವಿಡೀ. ಮಾರ್ಚ್ ಕೊನೆಗೆ ಭರಣಿಗಳು ತುಂಬಿರುತ್ತವೆ, ಬ್ಯಾಂಕ್ ಖಾತೆ ಬರಿದಾಗಿರುತ್ತದೆ.

ಮೊದಲು ಬಂಡವಾಳ. ಕುಮಟಾದವನದು 6,00,000 ರೂಪಾಯಿ ನಗದು. ಶಿರಸಿಯವನದು 2,00,000 ನಗದು, ಜೊತೆಗೆ ಭರಣಿ ಮತ್ತು ಅರೆಯುವ ಯಂತ್ರ. ಈ ಸಾಮಾನುಗಳಿಗೆ ಇಬ್ಬರೂ ಒಪ್ಪಿ 1,00,000 ಬೆಲೆ ಕಟ್ಟಿ, ಪಟ್ಟಿ ಮಾಡಿ ಪತ್ರಕ್ಕೆ ಲಗತ್ತಿಸಬೇಕು. ಕೆಲಸ ನಡೆಯುವುದು ಶಿರಸಿಯವನ ಮನೆಯ ಕೆಳಗಿನ ಕೋಣೆಯಲ್ಲಿ. ಇಲ್ಲಿ ಸ್ಪಷ್ಟವಾಗಿ ಬರೆಯಬೇಕು: ಕೋಣೆ ಅವನ ಸ್ವಂತದ್ದು, ಸಂಸ್ಥೆಗೆ ಬಳಕೆ ಮಾತ್ರ, ಬಾಡಿಗೆ ಇಂತಿಷ್ಟು. ಹಾಗೆ ಬರೆಯದಿದ್ದರೆ, ಅದೂ ಸಂಸ್ಥೆಯ ಆಸ್ತಿಯೇ ಎಂಬ ತಗಾದೆಗೆ ಬಾಗಿಲು ತೆರೆದಿಟ್ಟಂತೆ. ಹದ ಮತ್ತು ಲೇಬಲ್ಲಿನ ಹೆಸರು ಯಾರದ್ದು ಎಂಬುದನ್ನೂ ಇಲ್ಲೇ ಬರೆಯಿರಿ. ಹದ ಶಿರಸಿಯವನ ಮನೆಯದಾಗಿ, ಹೆಸರು ಇಬ್ಬರೂ ಸೇರಿ ಬೆಳೆಸಿದ್ದಾಗಿರಬಹುದು. ಎರಡೂ ಬೇರೆ ಬೇರೆ.

ಲಾಭದ ವಿಷಯದಲ್ಲಿ ಪತ್ರ ಮೌನವಾಗಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಮಾತಾಡುತ್ತದೆ. ಅದರ 13ನೇ ಕಲಮಿನ ಪ್ರಕಾರ ಲಾಭ, ನಷ್ಟ ಸಮಪಾಲು, ದುಡಿದವನಿಗೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿಯಿಲ್ಲ. ವರ್ಷಕ್ಕೆ 5,00,000 ಉಳಿದರೆ ತಲಾ 2,50,000. ದುಪ್ಪಟ್ಟು ಹಣ ಹಾಕಿದವನಿಗೂ ಬೇಸರ, ದಿನವಿಡೀ ದುಡಿದವನಿಗೂ ಬೇಸರ. ಅದಕ್ಕೇ ಹಣಕ್ಕೆ ಬಡ್ಡಿ, ದುಡಿಮೆಗೆ ಸಂಬಳ, ಉಳಿದದ್ದು ಸಮಪಾಲು ಎಂದು ಮೂರು ಪದರ ಮಾಡುತ್ತಾರೆ. ಬಡ್ಡಿ ಶೇ. 12 (ಆದಾಯ ತೆರಿಗೆಯಲ್ಲಿ ಸಂಸ್ಥೆಯ ಖರ್ಚೆಂದು ಒಪ್ಪುವ ಮಿತಿ ಅಷ್ಟೇ, ಅದೂ ಪತ್ರದಲ್ಲಿ ಬರೆದಿದ್ದರೆ), ಶಿರಸಿಯವನ ಸಂಬಳ ತಿಂಗಳಿಗೆ 15,000 ಎಂದಿರಲಿ. ಬಡ್ಡಿ 72,000 ಮತ್ತು 36,000, ಸಂಬಳ 1,80,000. ಉಳಿದ 2,12,000ದಲ್ಲಿ ತಲಾ 1,06,000. ಒಟ್ಟು ಕುಮಟಾದವನಿಗೆ 1,78,000, ಶಿರಸಿಯವನಿಗೆ 3,22,000.

ಇಷ್ಟಕ್ಕೇ ನಿಲ್ಲಬೇಡಿ, ಕೆಟ್ಟ ವರ್ಷವನ್ನೂ ಹಾಕಿ ನೋಡಿ. ಉಳಿದದ್ದು 1,50,000 ಮಾತ್ರ ಎಂದುಕೊಳ್ಳಿ. ಮೊದಲು ಬಡ್ಡಿ, ಮಿಕ್ಕಿದ್ದರಲ್ಲಿ ಮಾತ್ರ ಸಂಬಳ ಎಂದಿದ್ದರೆ ಕುಮಟಾದವನು 72,000 ಪಡೆಯುತ್ತಾನೆ, ಶಿರಸಿಯವನ ಸಂಬಳಕ್ಕೆ ಉಳಿಯುವುದು 42,000. ಸಂಬಳ ಖಚಿತ ಎಂದಿದ್ದರೆ ಸಂಸ್ಥೆಗೆ 30,000 ನಷ್ಟ, ತಲಾ 15,000, ಬಡ್ಡಿಯೇ ಇಲ್ಲ, ಏಕೆಂದರೆ ಬಂಡವಾಳದ ಬಡ್ಡಿ ಲಾಭದಿಂದ ಮಾತ್ರ ಕೊಡತಕ್ಕದ್ದು. ಯಾವುದು ಮೊದಲು ಎಂಬ ಒಂದೇ ಸಾಲು ಇಷ್ಟು ಅಂತರ ಮಾಡುತ್ತದೆ. ದಿನದ ಊಟ ಅದರಿಂದಲೇ ನಡೆಯುವುದರಿಂದ ಸಂಬಳವೇ ಮೊದಲು ಬರಬೇಕು ಎಂದು ನಾನು ಹೇಳುತ್ತೇನೆ. ಆದರೆ ಕುಮಟಾದವನು ಈ ಲೆಕ್ಕ ನೋಡಿಯೇ ಸಹಿ ಹಾಕಲಿ.

ಜವಾಬ್ದಾರಿಯ ಕಲಮಿನಲ್ಲಿ ಒಂದೇ ವಿಷಯಕ್ಕೆ ಒತ್ತು ಕೊಡುತ್ತೇನೆ. ಒಬ್ಬ ವ್ಯಾಪಾರದ ಹೆಸರಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಪೂರ್ತಿ ಹೊಣೆ. '50,000ಕ್ಕಿಂತ ಹೆಚ್ಚಿನ ಖರೀದಿಗೆ ಇಬ್ಬರ ಒಪ್ಪಿಗೆ' ಎಂದು ಬರೆದರೂ, ಆ ಮಿತಿ ಗೊತ್ತಿಲ್ಲದ ಮಿಡಿ ಮಾರುವವನಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಅದೇ ಮಿತಿಯನ್ನು ಬ್ಯಾಂಕಿನಲ್ಲೂ ಜಂಟಿ ಸಹಿಯಾಗಿ ಕೊಡಿ.

ಈಗ ಹೊರಹೋಗುವಿಕೆ. ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕು. ಮೂವರಿದ್ದಾಗ ಒಬ್ಬ ನಿವೃತ್ತನಾದರೂ ಸಂಸ್ಥೆ ಉಳಿಯುತ್ತದೆ, ಇಬ್ಬರಲ್ಲಿ ಒಬ್ಬ ಹೋದರೆ ಸಂಸ್ಥೆಯೇ ಮುಗಿಯುತ್ತದೆ. ಮರಣದಲ್ಲೂ ಹಾಗೆಯೇ: 'ಒಬ್ಬ ತೀರಿಕೊಂಡರೆ ಸಂಸ್ಥೆ ಮುಂದುವರಿಯುತ್ತದೆ' ಎಂಬ ಕಲಮು ಇಬ್ಬರೇ ಇರುವ ಪಾಲುದಾರಿಕೆಯಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಅಂಗಡಿಯಲ್ಲಿ ಸಿಗುವ ಮಾದರಿಗಳಲ್ಲಿ ಆ ಸಾಲು ಇದ್ದೇ ಇರುತ್ತದೆ. ಅದರ ಬದಲು ಹೀಗೆ ಬರೆಯಬಹುದು:

"ಯಾವ ಪಾಲುದಾರನೇ ಆಗಲಿ, ಡಿಸೆಂಬರ್ 31ರೊಳಗೆ ಲಿಖಿತ ನೋಟಿಸು ಕೊಟ್ಟು, ನಂತರದ ಮಾರ್ಚ್ 31ರಂದು ಹೊರಹೋಗಬಹುದು. ಆಗ ವ್ಯಾಪಾರವನ್ನು ಅದರ ಆಸ್ತಿ, ಸಾಲಗಳ ಸಮೇತ ವಹಿಸಿಕೊಳ್ಳುವ ಮೊದಲ ಹಕ್ಕು ಉಳಿದವನದು. ಮರಣವಾದಲ್ಲಿ ಆ ದಿನದ ಲೆಕ್ಕದಂತೆ ಇದೇ ಹಕ್ಕು ಬದುಕುಳಿದವನಿಗೆ, ಹಣ ವಾರಸುದಾರರಿಗೆ."

ಕುಮಟಾದವನು ಹೊರಟ ಎಂದುಕೊಳ್ಳಿ. ಮಾರ್ಚ್ 31ರಂದು ಪುಸ್ತಕದಲ್ಲಿ ಮಾಲು 7,20,000, ಅಂಗಡಿಗಳ ಬಾಕಿ 1,80,000, ಬ್ಯಾಂಕಿನಲ್ಲಿ 60,000, ಯಂತ್ರ 90,000. ಮಿಡಿಯವರಿಗೆ ಕೊಡಬೇಕಾದ್ದು 1,00,000. ಉಳಿಯುವುದು 9,50,000, ಇದರಲ್ಲಿ ಅವನ ಖಾತೆಯಲ್ಲಿ 6,40,000. ಈಗ ಮೂರು ಜಗಳಗಳು ಕಾದಿರುತ್ತವೆ. ಉಪ್ಪಿನಲ್ಲಿರುವ ಮಿಡಿಗೆ ಬೆಲೆ ಖರೀದಿಯದೋ, ಉಪ್ಪಿನಕಾಯಿಯಾದ ಮೇಲಿನದೋ? ಖರೀದಿ ಬೆಲೆ ಮತ್ತು ಆವರೆಗಿನ ಖರ್ಚು ಮಾತ್ರ ಎಂದು ಬರೆಯಿರಿ, ಮುಂದಿನ ಕೆಲಸ ಅವನು ಮಾಡುವುದಿಲ್ಲ. ಹಳೆಯ ಬಾಕಿ? ವರ್ಷ ದಾಟಿದ್ದನ್ನು ನಷ್ಟವೆಂದು ಹಿಡಿದು, ಮುಂದೆ ವಸೂಲಾದರೆ ಹಂಚಿಕೊಳ್ಳುವುದು ನ್ಯಾಯ. ಅಂಥದ್ದು 30,000 ಇದ್ದರೆ ಅವನ ಪಾಲಿಗೆ 15,000 ಇಳಿದು 6,25,000 ಆಗುತ್ತದೆ. ಹೆಸರಿನ ಬೆಲೆ ಮೂರನೆಯದು. ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಂಥ ಒಂದು ಸೂತ್ರವನ್ನು ಮೊದಲೇ ಬರೆದರೆ ಸಾಕು. ಇದು 6,25,000ಕ್ಕೆ ಹೊರತಾದದ್ದು.

ಬ್ಯಾಂಕಿನಲ್ಲಿರುವುದು 60,000, ಕೊಡಬೇಕಾದ್ದು 6,25,000. ಕೂಡಲೇ ಕೊಡು ಎಂದರೆ ಉಪ್ಪುಮಿಡಿಯನ್ನು ಸಿಕ್ಕ ಬೆಲೆಗೆ ಮಾರಬೇಕು, ಇಬ್ಬರಿಗೂ ನಷ್ಟ. ಕಂತು ಮಾರಾಟವನ್ನು ಹಿಂಬಾಲಿಸಲಿ: ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್, ಫೆಬ್ರವರಿ, ಪ್ರತಿ ಸಲ 1,25,000. ಬಾಕಿಗೆ ಬಡ್ಡಿ ದರ ನಮೂದಿಸಿ. ಲೆಕ್ಕ ಚುಕ್ತಾ ಮಾಡದೆ ಉಳಿದವನು ವ್ಯಾಪಾರ ನಡೆಸಿದರೆ, ಕಾಯ್ದೆಯ 37ನೇ ಕಲಮಿನಂತೆ ಹೋದವನು ತನ್ನ ಪಾಲಿನ ಮೇಲೆ ಶೇ. 6 ಬಡ್ಡಿಯನ್ನಾಗಲಿ, ಆ ಪಾಲಿನಿಂದ ಬಂದ ಲಾಭವನ್ನಾಗಲಿ ಕೇಳಬಹುದು. ಎರಡನೆಯದನ್ನು ಲೆಕ್ಕ ಹಾಕುವುದು ವರ್ಷಗಟ್ಟಲೆ ಕೋರ್ಟಿನ ಕೆಲಸ.

ಹೊರಹೋದವನು ಪಕ್ಕದಲ್ಲೇ ಉಪ್ಪಿನಕಾಯಿ ಶುರು ಮಾಡಬಾರದೆಂಬ ಷರತ್ತು ಹಾಕಬಹುದು. ಆದರೆ ಅವಧಿ ಅಥವಾ ಪ್ರದೇಶದ ಮಿತಿ ಇರಬೇಕು, ಅದು ನ್ಯಾಯಸಮ್ಮತವೂ ಇರಬೇಕು. ಕುಮಟಾ ಮತ್ತು ಶಿರಸಿ ತಾಲೂಕಿನಲ್ಲಿ ಎರಡು ವರ್ಷ ಎಂದರೆ ವಾದಕ್ಕೆ ನಿಲ್ಲುತ್ತದೆ, ಎಲ್ಲಿಯೂ ಯಾವಾಗಲೂ ಎಂದರೆ ನಿಲ್ಲದು.

ಪತ್ರಕ್ಕೆ ಸಹಿಯಾದ ಮೇಲೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ಸಂಸ್ಥೆಯನ್ನು ನೋಂದಾಯಿಸಿ. ಕಡ್ಡಾಯವಲ್ಲ, ಆದರೆ ನೋಂದಣಿಯಿಲ್ಲದ ಸಂಸ್ಥೆ ಬಾಕಿ ಕೊಡದ ಅಂಗಡಿಯ ಮೇಲೆ ದಾವೆ ಹೂಡಲಾಗದು. ಬೇರ್ಪಟ್ಟಾಗ ರಿಜಿಸ್ಟ್ರಾರ್‌ಗೆ ತಿಳಿಸಿ, ಸರ್ಕಾರಿ ಗೆಜೆಟ್‌ನಲ್ಲೂ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಅಲ್ಲಿಯವರೆಗೆ ಶಿರಸಿಯವನು ಹಳೆಯ ಹೆಸರಲ್ಲಿ ಮಾಡುವ ಸಾಲಕ್ಕೆ ಕುಮಟಾದವನೂ ಸಿಕ್ಕಿಕೊಳ್ಳಬಹುದು. ಆದ್ದರಿಂದ ಪ್ರಕಟಣೆ ಯಾರ ಕೆಲಸ, ಖರ್ಚು ಯಾರದು, ಎಷ್ಟು ದಿನದೊಳಗೆ ಎಂಬುದನ್ನೂ ಹೊರಹೋಗುವ ಕಲಮಿನಲ್ಲೇ ಸೇರಿಸಿ.